ಆನ್‌ಲೈನ್ ಖರೀದಿ ವ್ಯಾಜ್ಯ: ಪ್ರಾದೇಶಿಕ ಅಧಿಕಾರವ್ಯಾಪ್ತಿ

ಆನ್‌ಲೈನ್ ಖರೀದಿ ವ್ಯಾಜ್ಯದ ಪ್ರಾದೇಶಿಕ ಅಧಿಕಾರವ್ಯಾಪ್ತಿ ಎಂದರೆ ಜಾಲತಾಣದಲ್ಲಿ ಕೊಂಡ ಸರಕಿನ ದೂರನ್ನು ಯಾವ ಊರಿನ ಗ್ರಾಹಕ ಆಯೋಗ ವಿಚಾರಿಸಬೇಕೆಂಬ ಕಾನೂನು ಪ್ರಶ್ನೆ; ಕಾನೂನು ವಿದ್ಯಾರ್ಥಿಗಳ ಸಂಶೋಧನಾ ವಿಷಯಗಳಲ್ಲೊಂದು.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎದುರುದಾರನ ನೆಲೆ ಅಥವಾ ವ್ಯಾಜ್ಯಕಾರಣ ಹುಟ್ಟಿದ ಸ್ಥಳವೇ ಆಧಾರವಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಮು ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳವನ್ನೂ ಸೇರಿಸಿತು.

ಉದಾಹರಣೆಗೆ, ಬೆಂಗಳೂರು ಉತ್ತರ ತಾಲ್ಲೂಕಿನ ಮಾದನಾಯಕನಹಳ್ಳಿಯ ನಿವಾಸಿಯೊಬ್ಬರು ಸೂರತ್‌ನ ಮಾರಾಟಗಾರನಿಂದ 6,000 ರೂಪಾಯಿಯ ಮಿಕ್ಸಿ ತರಿಸಿ, ಅದು ಕೆಟ್ಟಿದ್ದು ಹಣ ಮರಳದಿದ್ದರೆ, ಬೆಂಗಳೂರು ನಗರ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಸೂರತ್‌ಗೆ ಹೋಗಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರು ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ಲು, ಆರ್ಡರ್ ಸಂಖ್ಯೆ, ಪಾವತಿಯ ದಾಖಲೆ, ಕೆಟ್ಟ ವಸ್ತುವಿನ ಚಿತ್ರ ಮುಖ್ಯ ಪುರಾವೆಗಳು. ಇ-ವಾಣಿಜ್ಯ ನಿಯಮಗಳು, 2020ರ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ ಪತ್ರವ್ಯವಹಾರವೂ ಪುರಾವೆಯಾಗುತ್ತದೆ.

ಮರುಮಾರಾಟಕ್ಕೆ ಕೊಂಡವರು ಗ್ರಾಹಕರ ವ್ಯಾಖ್ಯೆಗೆ ಸೇರುವುದಿಲ್ಲ. ಆನ್‌ಲೈನ್ ಮಾರಾಟ ವೇದಿಕೆ ತಾನು ಕೇವಲ ಮಧ್ಯವರ್ತಿ ಎಂದು ವಾದಿಸುವುದು, ಷರತ್ತುಗಳಲ್ಲಿ ಬೇರೆ ಊರಿನ ನ್ಯಾಯಾಲಯವನ್ನು ಗೊತ್ತುಪಡಿಸುವುದು ವ್ಯಾಜ್ಯದ ಬಿಂದುಗಳು. ಬಿಲ್ಲಿನಲ್ಲಿರುವ ಮಾರಾಟಗಾರ, ಹಣ ಪಡೆದವರು, ಮರಳಿಸುವ ಭರವಸೆ ಕೊಟ್ಟವರು ಯಾರೆಂಬುದನ್ನು ಆಯೋಗದ ಆದೇಶಗಳೊಡನೆ ಹೋಲಿಸಿ ಹೊಣೆಯ ಹಂಚಿಕೆಯನ್ನು ಗುರುತಿಸುವುದು ಈ ಸಂಶೋಧನೆಯ ಒಂದು ವಿಧಾನ.