ಕಾಡಾನೆ ಸುದ್ದಿ ನಮ್ಮ ಅಭಿಪ್ರಾಯವನ್ನು ಬದಲಿಸುತ್ತದೆಯೇ? ಅದನ್ನು ಅಳೆಯುವುದು ಹೇಗೆ?

"ಟಿವಿಯವರು ಜನರ ತಲೆ ಕೆಡಿಸುತ್ತಾರೆ" ಎಂದು ಕೆಲವರು ಹೇಳುತ್ತಾರೆ. "ಜನ ಬುದ್ಧಿವಂತರು, ಸುದ್ದಿ ನೋಡಿ ಯಾರೂ ಬದಲಾಗುವುದಿಲ್ಲ" ಎಂದು ಇನ್ನು ಕೆಲವರು. ಅರ್ಧ ಶತಮಾನದ ಸಂಶೋಧನೆ ಈ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಸುದ್ದಿಯ ಪ್ರಭಾವ ಮುಖ್ಯವಾಗಿ ಎರಡು ಕಡೆ ಕಾಣುತ್ತದೆ. ಯಾವ ವಿಷಯ ದೊಡ್ಡದು ಎಂದು ನಮಗೆ ಅನ್ನಿಸುವುದರಲ್ಲಿ ಒಂದು, ಆ ವಿಷಯಕ್ಕೆ ಹೊಣೆ ಯಾರು ಎಂದು ನಾವು ತೀರ್ಮಾನಿಸುವುದರಲ್ಲಿ ಇನ್ನೊಂದು. ಮೊದಲನೆಯದಕ್ಕೆ ಅಜೆಂಡಾ ಸೆಟ್ಟಿಂಗ್ ಎಂದೂ ಎರಡನೆಯದಕ್ಕೆ ಫ್ರೇಮಿಂಗ್, ಅಂದರೆ ಸುದ್ದಿಗೆ ಚೌಕಟ್ಟು ಹಾಕುವುದು ಎಂದೂ ಹೆಸರು.

ಇವನ್ನು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಕಾಡಾನೆ ಸುದ್ದಿಯನ್ನೇ ಇಟ್ಟುಕೊಂಡು ನೋಡೋಣ.

ಮೂಡಿಗೆರೆಯ ನವೆಂಬರ್

2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಬಳಿ ಕಾಡಾನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದರು. ಸ್ಥಳಕ್ಕೆ ಬಂದ ಆಗಿನ ಶಾಸಕರು ಜನರ ಆಕ್ರೋಶಕ್ಕೆ ಗುರಿಯಾದರು. ಹರಿದ ಅಂಗಿಯಲ್ಲೇ ಅವರು ಮಾತನಾಡಿದ ವಿಡಿಯೊವನ್ನು ಇಡೀ ರಾಜ್ಯ ನೋಡಿತು. ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಸರ್ಕಾರ ಆನೆ ಕಾರ್ಯಪಡೆ ರಚಿಸಿದ್ದೂ ಆ ಅವಧಿಯಲ್ಲೇ.

ಈಗ ಪ್ರಶ್ನೆ: ಆ ದಿನಗಳಲ್ಲಿ ಜನ ಆನೆಯನ್ನು ದೊಡ್ಡ ಸಮಸ್ಯೆ ಎಂದುಕೊಂಡಿದ್ದು ಸುದ್ದಿಯಿಂದಲೋ, ತೋಟದಲ್ಲಿ ನಿಜವಾಗಿ ಆನೆ ಇದ್ದುದರಿಂದಲೋ?

ಮೊದಲ ವಿಧಾನ: ಎರಡು ಪಟ್ಟಿಗಳನ್ನು ಹೋಲಿಸುವುದು

ಅಮೆರಿಕದ ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ 1968ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ಸರ್ಕಾರ ಯಾವ ವಿಷಯಗಳತ್ತ ಗಮನ ಕೊಡಬೇಕೆಂದು ಕೇಳಿ ಒಂದು ಪಟ್ಟಿ ಮಾಡಿದರು. ಆ ಮತದಾರರು ನೋಡುತ್ತಿದ್ದ ಪತ್ರಿಕೆ ಮತ್ತು ಟಿವಿ ಸುದ್ದಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಎಣಿಸಿ ಇನ್ನೊಂದು ಪಟ್ಟಿ ಮಾಡಿದರು. ಎರಡೂ ಪಟ್ಟಿಗಳ ಕ್ರಮ ಬಹುತೇಕ ಒಂದೇ ಆಗಿತ್ತು. ಈ ಅಧ್ಯಯನ 1972ರಲ್ಲಿ ಪ್ರಕಟವಾಯಿತು.

ಮೂಡಿಗೆರೆಯಲ್ಲಿ ಇದನ್ನೇ ಮಾಡಿದೆವು ಎಂದು ಊಹಿಸಿಕೊಳ್ಳಿ. ಇಲ್ಲಿನ ಸಂಖ್ಯೆಗಳು ಲೆಕ್ಕ ತೋರಿಸಲು ಮಾತ್ರ. ಸ್ಥಳೀಯ ಸುದ್ದಿಯಲ್ಲಿ ವಿಷಯಗಳ ಕ್ರಮ ಹೀಗಿದೆ: ಕಾಡಾನೆ, ಕಾಫಿ ಬೆಲೆ, ರಸ್ತೆ, ಅಡಿಕೆಯ ಎಲೆಚುಕ್ಕಿ ರೋಗ, ಮೊಬೈಲ್ ನೆಟ್‌ವರ್ಕ್. ಜನರ ಪಟ್ಟಿಯಲ್ಲಿ ಕಾಫಿ ಬೆಲೆ ಮೊದಲು, ಕಾಡಾನೆ ಎರಡನೆಯದು, ಉಳಿದವು ಹಾಗೆಯೇ. ಮೊದಲ ಎರಡು ವಿಷಯಗಳ ಸ್ಥಾನದಲ್ಲಿ ತಲಾ ಒಂದರ ವ್ಯತ್ಯಾಸ. ಅವುಗಳ ವರ್ಗ ಕೂಡಿದರೆ 2. ಸ್ಪಿಯರ್‌ಮನ್ ಸೂತ್ರದಲ್ಲಿ ಹಾಕಿದರೆ:

1 − (6 × 2) / (5 × 24) = 0.9

1 ಬಂದರೆ ಪೂರ್ಣ ಹೊಂದಾಣಿಕೆ, 0 ಬಂದರೆ ಸಂಬಂಧವೇ ಇಲ್ಲ. ಹಾಗಾಗಿ 0.9 ಬಲವಾದ ಹೊಂದಾಣಿಕೆ. ಇಲ್ಲಿ ಒಂದು ಎಚ್ಚರ ಬೇಕು: "ಆನೆ ಸಮಸ್ಯೆ ಎಷ್ಟು ದೊಡ್ಡದು?" ಎಂದು ಕೇಳಬಾರದು, ಆ ಪ್ರಶ್ನೆಯೇ ಆನೆಯನ್ನು ನೆನಪಿಸುತ್ತದೆ. "ನಿಮ್ಮ ಊರಿನ ದೊಡ್ಡ ಸಮಸ್ಯೆ ಯಾವುದು?" ಎಂದಷ್ಟೇ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.

ಆದರೂ 0.9 ಎಂಬ ಅಂಕಿ ಕಾರಣ ಯಾವುದೆಂದು ಹೇಳುವುದಿಲ್ಲ. ಸುದ್ದಿ ಜನರನ್ನು ಬದಲಿಸಿರಬಹುದು. ಜನರ ಆಸಕ್ತಿ ನೋಡಿ ವರದಿಗಾರರು ಬರೆದಿರಬಹುದು. ಇಲ್ಲವೇ ನಿಜವಾದ ಆನೆ ಹಾವಳಿಯೇ ಇಬ್ಬರನ್ನೂ ಎಚ್ಚರಿಸಿರಬಹುದು. ಮೂರನೆಯದನ್ನು ಪರೀಕ್ಷಿಸಲು ಇನ್ನೊಂದು ದಾಖಲೆ ಬೇಕು, ಉದಾಹರಣೆಗೆ ಅರಣ್ಯ ಇಲಾಖೆಗೆ ತಿಂಗಳು ತಿಂಗಳು ಬರುವ ಬೆಳೆಹಾನಿ ಅರ್ಜಿಗಳ ಸಂಖ್ಯೆ. ಅರ್ಜಿ ಏರದೆ ಸುದ್ದಿ ಏರಿದ ತಿಂಗಳುಗಳಲ್ಲೂ ಜನರ ಆತಂಕ ಏರಿದರೆ ಸುದ್ದಿಯ ಮೇಲೆ ಅನುಮಾನ ಬಲವಾಗುತ್ತದೆ. 1973ರಲ್ಲಿ ರೇ ಫಂಕ್‌ಹೌಸರ್ ಅಮೆರಿಕದ 1960ರ ದಶಕದ ವಿಷಯಗಳನ್ನು ಹೀಗೆಯೇ ನೋಡಿದರು. ಜನರ ಆದ್ಯತೆ ಸುದ್ದಿಯ ಪ್ರಮಾಣದ ಜೊತೆ ಹೊಂದುತ್ತಿತ್ತು, ಆದರೆ ಸುದ್ದಿಯ ಪ್ರಮಾಣ ವಾಸ್ತವದ ಏರಿಳಿತದ ಜೊತೆ ಸರಿಯಾಗಿ ಹೊಂದುತ್ತಿರಲಿಲ್ಲ.

ಎರಡನೆಯ ವಿಧಾನ: ಪ್ರಯೋಗ

ಕಾರಣವನ್ನು ಹಿಡಿಯಲು ಪ್ರಯೋಗವೇ ಬೇಕು. ಶಾಂತೊ ಅಯ್ಯಂಗಾರ್, ಡೊನಾಲ್ಡ್ ಕಿಂಡರ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ನಾಗರಿಕರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಹಲವು ದಿನ ಟಿವಿ ಸುದ್ದಿ ತೋರಿಸಿದರು. ಒಂದು ಗುಂಪಿನ ಸುದ್ದಿಯಲ್ಲಿ ದೇಶದ ರಕ್ಷಣಾ ದೌರ್ಬಲ್ಯದ ವರದಿಗಳನ್ನು ಸೇರಿಸಿದ್ದರು, ಇನ್ನೊಂದರಲ್ಲಿ ಅವು ಇರಲಿಲ್ಲ. ವಾರದ ಕೊನೆಗೆ ಮೊದಲ ಗುಂಪಿಗೆ ಮಾತ್ರ ರಕ್ಷಣೆ ಹೆಚ್ಚು ಮುಖ್ಯವೆನಿಸಿತ್ತು. ಗುಂಪು ಸೇರಿಸುವಿಕೆ ಆಕಸ್ಮಿಕವಾದ್ದರಿಂದ "ಅವರಿಗೆ ಮೊದಲೇ ಆಸಕ್ತಿ ಇತ್ತು" ಎನ್ನುವ ಹಾಗಿಲ್ಲ. ಬೆಲೆಯೇರಿಕೆಯ ಸುದ್ದಿ ಸೇರಿಸಿದಾಗ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಅದನ್ನು ಜನ ಮೊದಲೇ ಅತಿ ಮುಖ್ಯವೆಂದು ಎಣಿಸಿದ್ದರು, ಇನ್ನು ಮೇಲೇರಲು ಜಾಗವಿರಲಿಲ್ಲ.

ಆನೆ ಸುದ್ದಿಯನ್ನು ಅರ್ಥಮಾಡಿಕೊಳ್ಳಲು ಇದು ಮುಖ್ಯ. ಬೆಳಿಗ್ಗೆ ಕಾಫಿ ಕೊಯ್ಲಿಗೆ ಹೊರಟಾಗ ದಾರಿಯಲ್ಲಿ ಲದ್ದಿ ಕಂಡವರಿಗೆ ಆನೆ ಸಮಸ್ಯೆ ಎಂದು ಟಿವಿ ಹೇಳಬೇಕಿಲ್ಲ. ಬೆಂಗಳೂರಿನವರಿಗೆ ಆನೆ ಗೊತ್ತಾಗುವುದು ಪರದೆಯಲ್ಲೇ. ಸ್ವಂತ ಅನುಭವಕ್ಕೆ ಸಿಗದ ವಿಷಯಗಳಲ್ಲೇ ಅಜೆಂಡಾ ಸೆಟ್ಟಿಂಗ್ ಹೆಚ್ಚು ಕೆಲಸ ಮಾಡುತ್ತದೆ ಎಂದು ಹೆರಾಲ್ಡ್ ಝುಕರ್ 1978ರಲ್ಲೇ ತೋರಿಸಿದ್ದರು. ಹಾಗಾಗಿ ಒಂದೇ ಸುದ್ದಿಯ ಪರಿಣಾಮ ಮೂಡಿಗೆರೆಯಲ್ಲಿ ಕಡಿಮೆ, ರಾಜಧಾನಿಯಲ್ಲಿ ಹೆಚ್ಚು ಎಂದು ನಿರೀಕ್ಷಿಸಬಹುದು. ಪರಿಹಾರದ ಹಣ, ಬೇಲಿ, ಆನೆ ಸೆರೆಯ ಆದೇಶ ಹೊರಡುವುದು ರಾಜಧಾನಿಯಿಂದಲೇ.

"ಪುಂಡಾನೆ" ಎಂದರೆ ಒಂದು ಚೌಕಟ್ಟು

ಇನ್ನು ಹೊಣೆಯ ಪ್ರಶ್ನೆ. ನಮ್ಮ ಸುದ್ದಿಯಲ್ಲಿ ಆನೆ "ಪುಂಡಾನೆ"ಯಾಗುತ್ತದೆ, ಹಿಂಡು "ಗ್ಯಾಂಗ್" ಆಗುತ್ತದೆ. ಚಿಕ್ಕಮಗಳೂರಿನ ಸುತ್ತ ಓಡಾಡಿದ ಒಂದು ಹಿಂಡಿಗೆ "ಬೀಟಮ್ಮ ಗ್ಯಾಂಗ್" ಎಂಬ ಹೆಸರೇ ನಿಂತಿತು. ಅಪರಾಧ ಸುದ್ದಿಯ ಈ ಭಾಷೆಯಲ್ಲಿ ಒಬ್ಬ ಆರೋಪಿ ಇರುತ್ತಾನೆ, ಪರಿಹಾರ ಅವನನ್ನು ಹಿಡಿಯುವುದು. ಅದೇ ಘಟನೆಯನ್ನು ತುಂಡಾದ ಕಾಡು, ತೋಟದ ನೀರು, ಹಲಸು, ಬಾಳೆಯ ಜೊತೆ ಸೇರಿಸಿ ಬರೆದರೆ ಓದುಗರ ಪ್ರಶ್ನೆ ಭೂಬಳಕೆಯ ಕಡೆಗೆ ಹೊರಳುತ್ತದೆ. ಅಯ್ಯಂಗಾರ್ 1991ರ ಪುಸ್ತಕದಲ್ಲಿ ಬಡತನದ ಸುದ್ದಿಯನ್ನು ಹೀಗೆ ಎರಡು ರೀತಿ ತೋರಿಸಿದ್ದರು. ಒಬ್ಬ ವ್ಯಕ್ತಿಯ ಕಥೆ ನೋಡಿದವರು ಬಡತನಕ್ಕೆ ಬಡವರನ್ನೇ ಹೆಚ್ಚಾಗಿ ಹೊಣೆ ಮಾಡಿದರು. ಒಟ್ಟು ಪರಿಸ್ಥಿತಿಯ ವರದಿ ನೋಡಿದವರು ಸಮಾಜ ಮತ್ತು ಸರ್ಕಾರದ ಕಡೆ ಬೆರಳು ಮಾಡಿದರು. ಎಲ್ಲ ವಿಷಯಗಳಲ್ಲೂ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿರಲಿಲ್ಲ.

ಇದನ್ನು ಆನೆ ಸುದ್ದಿಯಲ್ಲಿ ಪರೀಕ್ಷಿಸುವುದಾದರೆ ಎರಡು ಬರಹಗಳಲ್ಲೂ ಸಾವು, ಜಾಗ, ದಿನ, ಪರಿಹಾರದ ಮೊತ್ತ ಒಂದೇ ಇರಬೇಕು. ಪದ ಮತ್ತು ಹಿನ್ನೆಲೆ ಮಾತ್ರ ಬೇರೆಯಾಗಬೇಕು. ಒಂದರಲ್ಲಿ ಹೊಸ ಅಂಕಿಅಂಶ ಸೇರಿಸಿದರೆ, ಓದುಗರು ಬದಲಾದದ್ದು ಚೌಕಟ್ಟಿನಿಂದಲೋ ಹೊಸ ಮಾಹಿತಿಯಿಂದಲೋ ತಿಳಿಯುವುದಿಲ್ಲ. ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಕೇಳಬೇಕು, ಏಕೆಂದರೆ ಒಮ್ಮೆ ಓದಿದ ಬರಹದ ಪರಿಣಾಮ ಹಲವು ಸಲ ಬೇಗ ಆರಿಹೋಗುತ್ತದೆ. ಕೋಣೆಯಲ್ಲಿ ಕೂರಿಸಿ ಓದಿಸಿದ್ದಕ್ಕೂ ಮನೆಯಲ್ಲಿ ಚಾನೆಲ್ ಬದಲಿಸುತ್ತ ನೋಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ಏನೆನ್ನಬಹುದು?

"ಮಾಧ್ಯಮ ಜನರ ಅಭಿಪ್ರಾಯವನ್ನು ಬದಲಿಸಿತು" ಎಂಬ ಮಾತು ಕಂಡಾಗ ಮೂರು ಪ್ರಶ್ನೆ ಕೇಳಿ. ಪಟ್ಟಿಗಳನ್ನು ಹೋಲಿಸಿದ್ದೋ, ಪ್ರಯೋಗ ಮಾಡಿದ್ದೋ? ನೆಲದ ಮೇಲಿನ ನಿಜ ಸ್ಥಿತಿಯನ್ನು ಬೇರೆಯಾಗಿ ಅಳೆದಿದ್ದಾರೆಯೇ? ಕೇಳಿದ್ದು ಆನೆಯನ್ನು ದಿನವೂ ಕಾಣುವವರನ್ನೋ, ಸುದ್ದಿಯಲ್ಲಿ ಮಾತ್ರ ಕಂಡವರನ್ನೋ? 2022ರ ನವೆಂಬರ್ ಬಗ್ಗೆ ಇಂಥ ಅಳತೆ ಕೈಯಲ್ಲಿಲ್ಲದೆ, ಕಾರ್ಯಪಡೆ ಬಂದದ್ದು ಸುದ್ದಿಯಿಂದಲೇ ಎಂದಾಗಲಿ, ಸುದ್ದಿಗೆ ಅದರಲ್ಲಿ ಪಾಲೇ ಇಲ್ಲ ಎಂದಾಗಲಿ ಹೇಳುವುದು ಊಹೆಯಾಗುತ್ತದೆ.