ಡಿಸೆಂಬರ್ 6: ಬಿಳಿಬಟ್ಟೆಯ ಸಾಲು

ಬೇರೆ ಸಮುದಾಯದ ಗೆಳೆಯರಿಗಾಗಿ ಮಾಡ್ತಿರೋ ವಿಡಿಯೊದ ನಿರೂಪಣೆ ಇದು. ತೆರೆ ಮೇಲೆ ದಾದರಿನ ಚೈತ್ಯಭೂಮಿ, ಕಡಲು, ಬಿಳಿಬಟ್ಟೆ ತೊಟ್ಟವರ ಸಾಲು, ಅಷ್ಟೇ. ಅಳೋರ ಮುಖ ಹತ್ತಿರದಿಂದ ತೋರಿಸೋದು ಬೇಡ, ಸಂಗೀತವೂ ಬೇಡ.

"1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ದೆಹಲಿಯಲ್ಲಿ ತೀರಿಕೊಂಡರು. ಮರುದಿನ ಈ ಕಡಲದಂಡೆಯಲ್ಲಿ ಬೌದ್ಧವಿಧಿಯಂತೆ ಅಂತ್ಯಕ್ರಿಯೆ ನಡೆಯಿತು. ನಾಗಪುರದಲ್ಲಿ ಅವರು ಬೌದ್ಧ ದೀಕ್ಷೆ ಪಡೆದು ಎರಡು ತಿಂಗಳೂ ಆಗಿರಲಿಲ್ಲ. ಮುಂಬೈ ಜನರ ದೀಕ್ಷೆ ಇನ್ನೂ ಬಾಕಿ ಇತ್ತು. ಅಂತ್ಯಕ್ರಿಯೆಗೆ ಬಂದ ಸಾವಿರಾರು ಮಂದಿ ಅಲ್ಲೇ ಭಂತೆ ಆನಂದ ಕೌಸಲ್ಯಾಯನರಿಂದ ದೀಕ್ಷೆ ತಗೊಂಡರು. ಅದಕ್ಕೇ ನಮ್ಮ ಶೋಕದಲ್ಲಿ ಮೇಣದಬತ್ತಿಯ ಜತೆ ತ್ರಿಶರಣ, ಪಂಚಶೀಲವೂ ಇರ್ತವೆ. ಶ್ರಾದ್ಧ, ಪಿಂಡ ಇರಲ್ಲ. ನಾಗಪುರದ 22 ಪ್ರತಿಜ್ಞೆಗಳಲ್ಲೇ ಅವನ್ನು ಬಿಟ್ಟಾಯ್ತು. ತಮಟೆ, ಡಿಜೆ ಎಲ್ಲ ಏಪ್ರಿಲ್ 14ಕ್ಕೆ."

ಕೊನೆಗೆ ಶಿವಾಜಿ ಪಾರ್ಕಿನ ಪುಸ್ತಕ ಮಳಿಗೆಗಳು, ಊರಿಗೆ ಹೊರಟವರ ಚೀಲದಲ್ಲಿ ಪುಸ್ತಕ. ಅಲ್ಲಿ ನಿರೂಪಣೆ ಬೇಡ.