ವಾಲೆಟ್‌ನಲ್ಲಿ ಉಳಿದ ಹಣ ಬ್ಯಾಂಕಿಗೆ ಮರಳುವುದು ಹೇಗೆ?

ಬೆಳಗಾವಿ: ವಡಗಾವಿಯ ಮಗ್ಗದ ಕೆಲಸಗಾರರೊಬ್ಬರ ಮೊಬೈಲ್ ವಾಲೆಟ್‌ನಲ್ಲಿ 1,500 ರೂಪಾಯಿ ಉಳಿದಿದೆ ಎಂದುಕೊಳ್ಳೋಣ. ಅದನ್ನು ಬ್ಯಾಂಕ್ ಖಾತೆಗೆ ಕಳುಹಿಸಲು ಹೋದರೆ ಪ್ರತಿಬಾರಿಯೂ ನಿರಾಕರಣೆಯ ಸಂದೇಶ ಬರುತ್ತದೆ. ಇದು ಯಂತ್ರದ ದೋಷವಲ್ಲ, ನಿಯಮದ ಪರಿಣಾಮ.

ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಹೊರಡಿಸಿದ ನಿರ್ದೇಶನವು ವಾಲೆಟ್‌ಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ಮೊಬೈಲ್ ಸಂಖ್ಯೆ ಹಾಗೂ ಗುರುತಿನ ಅಲ್ಪ ವಿವರದ ಮೇಲೆ ತೆರೆಯುವುದು ಸಣ್ಣ ವಾಲೆಟ್. ಅದರಲ್ಲಿ ಯಾವ ಹೊತ್ತಿಗೂ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ. ಆ ಹಣದಿಂದ ಸರಕು, ಸೇವೆ ಕೊಳ್ಳಬಹುದೇ ಹೊರತು ಬೇರೆಡೆಗೆ ವರ್ಗಾಯಿಸಲಾಗದು. ಗ್ರಾಹಕರ ಗುರುತನ್ನು ಪೂರ್ಣವಾಗಿ ಪರಿಶೀಲಿಸಿದ, ಅಂದರೆ ಪೂರ್ಣ ಕೆವೈಸಿ ಆದ ವಾಲೆಟ್‌ನ ಮಿತಿ 2 ಲಕ್ಷ ರೂಪಾಯಿ. ಅದರಿಂದ ಬ್ಯಾಂಕಿಗೆ ವರ್ಗಾವಣೆ ಸಾಧ್ಯ.

ಹಾಗಾದರೆ ಆ ಕೆಲಸಗಾರರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ಮುಖಾಮುಖಿ ಅಥವಾ ವಿಡಿಯೊ ಮೂಲಕ ಕೆವೈಸಿ ಪೂರ್ಣಗೊಳಿಸಿ ವರ್ಗಾಯಿಸುವುದು. ಎರಡನೆಯದು, ವಾಲೆಟ್ಟನ್ನೇ ಮುಚ್ಚುವುದು. ಮುಚ್ಚಿದಾಗ ಹಣವು ಬಂದ ಮೂಲಕ್ಕೇ, ಅಂದರೆ ತುಂಬುವಾಗ ಬಳಸಿದ ಬ್ಯಾಂಕ್ ಖಾತೆಗೆ ಮರಳುತ್ತದೆ. ಇದಕ್ಕೆ ಪೂರ್ಣ ಕೆವೈಸಿ ಬೇಕಿಲ್ಲ. ಆದರೆ ನೆರೆಮನೆಯವರು ತಮ್ಮ ವಾಲೆಟ್‌ಗೆ ಅಂಗಡಿಯಲ್ಲಿ ನಗದು ಕೊಟ್ಟು 800 ರೂಪಾಯಿ ತುಂಬಿದ್ದರೆ ಮರಳಿಸಲು ಮೂಲ ಖಾತೆಯೇ ಇರುವುದಿಲ್ಲ. ಅವರು ಕೆವೈಸಿ ನೀಡಿ ತಮ್ಮ ಖಾತೆಗೆ ಹಣ ಪಡೆಯಬೇಕು, ಇಲ್ಲವೇ ಖರೀದಿಯಲ್ಲಿ ಖರ್ಚು ಮಾಡಬೇಕು. ನಗದು ತುಂಬಬಹುದಾದ ಇಂತಹ ಸಣ್ಣ ವಾಲೆಟ್‌ಗೆ 24 ತಿಂಗಳೊಳಗೆ ಪೂರ್ಣ ಕೆವೈಸಿ ಆಗದಿದ್ದರೆ ಹೊಸದಾಗಿ ಹಣ ತುಂಬಲು ಬಾರದು. ಉಳಿದದ್ದನ್ನು ಬಳಸಲು ಮಾತ್ರ ಅಡ್ಡಿಯಿಲ್ಲ.

ಉಡುಗೊರೆ ಕಾರ್ಡಿನ ಕಥೆ ಬೇರೆ. ಮದುವೆಗೆ ಬಂದ 1,000 ರೂಪಾಯಿಯ ಕಾರ್ಡಿನಲ್ಲಿ 340 ರೂಪಾಯಿ ಉಳಿದರೆ ಅದನ್ನು ಪಡೆದವರು ತಮ್ಮ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಅವರು ಒಪ್ಪಿದರೆ ಮೊತ್ತವು ಮೂಲ ಖಾತೆಗೆ, ಅಂದರೆ ಕಾರ್ಡು ಕೊಂಡವರ ಖಾತೆಗೆ ಹೋಗುತ್ತದೆ. ಆದ್ದರಿಂದ ಇದನ್ನು ಅಂಗಡಿಯಲ್ಲೇ ಬಳಸಿ ಮುಗಿಸುವುದು ಲೇಸು.

ಅವಧಿ ಮುಗಿಯಿತೆಂದು ಹಣದ ಆಸೆ ಬಿಡಬೇಕಿಲ್ಲ. ಕೊನೆಯ ಬಾರಿ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ವಾಲೆಟ್ ಚಾಲ್ತಿಯಲ್ಲಿರಬೇಕು. ಅವಧಿ ಮುಗಿದ ಮೇಲೂ ಗ್ರಾಹಕರು ಕೇಳಿದಾಗ ಸಂಸ್ಥೆಯು ಉಳಿಕೆಯನ್ನು ಬ್ಯಾಂಕ್ ಖಾತೆಗೆ ಪಾವತಿಸಬೇಕೆಂಬುದು ಅದೇ ನಿರ್ದೇಶನದ ಮಾತು. ಒಂದು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯಗೊಂಡಿದ್ದರೆ ಮೊದಲು ಗುರುತು ದೃಢಪಡಿಸಿ ಅದನ್ನು ಮತ್ತೆ ಚಾಲನೆಗೊಳಿಸಬೇಕಾಗುತ್ತದೆ.

ಮುಚ್ಚಲು ಕೋರಿದಾಗ ದೊರೆಯುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ಆ ಸಂಖ್ಯೆಯೊಡನೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.